ಮಗು ವಾಂತಿ ಮಾಡಿದರೆ ಅರ್ಧ ಮುಚ್ಚಳ ಸಿರಪ್? ತೂಕ ಕೇಳದೆ ಕೊಡಬೇಡಿ!

ಬಸ್ ಸ್ಟಾಂಡ್ ಎದುರಿನ ಮೆಡಿಕಲ್ ಶಾಪುಗಳಲ್ಲಿ ಮಳೆಗಾಲ ಶುರುವಾದರೆ ಸಾಕು, ಸಂಜೆ ಹೊತ್ತಿಗೆ ಒಂದೇ ಮಾತು. “ಅಣ್ಣಾ, ಮಗು ಬೆಳಿಗ್ಗೆಯಿಂದ ವಾಂತಿ ಮಾಡ್ತಿದೆ, ಆ ವಾಂತಿ ಸಿರಪ್ ಒಂದು ಕೊಡಿ.” ಅಣ್ಣ ಕೈ ಚಾಚಿ ಶೆಲ್ಫಿನಿಂದ 30 ಮಿ.ಲೀ.ನ ಪುಟ್ಟ ಬಾಟಲಿ ತೆಗೆಯುತ್ತಾನೆ. “ಎಷ್ಟು ಹಾಕ್ಲಿ?” “ಅರ್ಧ ಮುಚ್ಚಳ ಹಾಕಿ, ದಿನಕ್ಕೆ ಮೂರು ಸಲ.” ಹೊರಡುವ ಬಸ್ಸಿನ ಹಾರ್ನ್ ಕೇಳಿಸುತ್ತದೆ, ದುಡ್ಡು ಕೊಟ್ಟು ತಾಯಿ ಓಡುತ್ತಾಳೆ. ವ್ಯಾಪಾರ ಮುಗಿಯಿತು.

ಈ ವ್ಯಾಪಾರದಲ್ಲಿ ಕೇಳಲೇಬೇಕಾಗಿದ್ದ ಮೂರು ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ. ಮಗುವಿನ ತೂಕ ಎಷ್ಟು? ವಾಂತಿಯ ಬಣ್ಣ ಏನು? ಭೇದಿ ಶುರುವಾಗಿದೆಯೋ ಇಲ್ಲವೋ? ಮೂರೂ ಪ್ರಶ್ನೆಗೆ ಉತ್ತರ ಸಿಗದೆ ಆ ಬಾಟಲಿಯ ಮುಚ್ಚಳ ತೆಗೆಯಬಾರದು.

ಬಾಟಲಿಯೊಳಗಿನ ಔಷಧದ ಹೆಸರು ಓಂಡಾನ್ಸೆಟ್ರಾನ್. ಹೊರಗಿನ ಲೇಬಲ್ಲಿನಲ್ಲಿ ಕಂಪನಿಗೊಂದು ಹೆಸರು. ಓಂಡೆಮ್, ಎಮೆಸೆಟ್, ವೊಮಿಕೈಂಡ್ ಎಂದು ಏನೇ ಇರಲಿ, ಒಳಗಿರುವುದು ಅದೇ. ಲೇಬಲ್ಲಿನ ಎಡಗಡೆ ಕೆಂಪು ಗೆರೆಯೊಂದಿದೆ. ಡಾಕ್ಟರ ಚೀಟಿ ನೋಡಿ ಕೊಡಬೇಕಾದ ಔಷಧ ಎಂದು ಅದರ ಅರ್ಥ. ಆದರೆ ಆ ಗೆರೆಯನ್ನು ನೋಡುವವರಾರು ಬಿಡಿ.

ಕ್ಯಾನ್ಸರ್ ವಾರ್ಡಿನಿಂದ ಬಂದ ಔಷಧ

ಈ ಔಷಧ ಹುಟ್ಟಿದ್ದು ಮಕ್ಕಳ ವಾಂತಿ ಭೇದಿಗಾಗಿ ಅಲ್ಲ. ಕ್ಯಾನ್ಸರ್ ರೋಗಿಗಳಿಗೆ ಕೀಮೋ ಕೊಟ್ಟಾಗ ಕರುಳೇ ಬಾಯಿಗೆ ಬರುವ ಹಾಗೆ ವಾಂತಿಯಾಗುತ್ತಿತ್ತು. ಅದನ್ನು ತಡೆಯಲು ಇಂಗ್ಲೆಂಡಿನ ಗ್ಲಾಕ್ಸೋ ಕಂಪನಿ ಇದನ್ನು ಕಂಡುಹಿಡಿಯಿತು. 1991ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪರವಾನಗಿ ಸಿಕ್ಕಿತು.

ಕೆಲಸ ಮಾಡುವ ರೀತಿ ಸರಳ. ರೋಟಾ, ನೋರೋ ಮುಂತಾದ ವೈರಸ್ಸುಗಳು ಮಗುವಿನ ಕರುಳಿಗೆ ಇಳಿದಾಗ ಕರುಳಿನ ಒಳಪದರದ ಕೆಲವು ಜೀವಕೋಶಗಳು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಚೆಲ್ಲುತ್ತವೆ. ಅದು ಹೊಟ್ಟೆಯಿಂದ ಮಿದುಳಿಗೆ ಹೋಗುವ ನರದ ತುದಿಯನ್ನು ಕೆರಳಿಸುತ್ತದೆ. ಮಿದುಳು ‘ಹೊರಗೆ ಹಾಕು’ ಎಂದು ಹುಕುಂ ಹೊರಡಿಸುತ್ತದೆ. ಆ ನರದ ತುದಿಯಲ್ಲಿ ಸೆರೊಟೋನಿನ್ ಬಂದು ಕೂರುವ ಜಾಗದಲ್ಲಿ ಓಂಡಾನ್ಸೆಟ್ರಾನ್ ಮೊದಲೇ ಹೋಗಿ ಕೂತುಬಿಡುತ್ತದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ! ಸುದ್ದಿ ಮಿದುಳಿಗೆ ಮುಟ್ಟುವುದಿಲ್ಲ, ವಾಂತಿ ನಿಲ್ಲುತ್ತದೆ.

ಇಲ್ಲಿ ಒಂದು ಮಾತು ಚೆನ್ನಾಗಿ ನೆನಪಿಡಬೇಕು. ವೈರಸ್ ಎಲ್ಲೂ ಹೋಗಿಲ್ಲ. ಕಾಯಿಲೆ ಹಾಗೇ ಇದೆ. ಸುದ್ದಿ ಮಾತ್ರ ನಿಂತಿದೆ. ಈ ಔಷಧದ ಒಳ್ಳೆಯದೂ ಕೆಟ್ಟದ್ದೂ ಎರಡೂ ಇರುವುದು ಇಲ್ಲೇ.

ಒಳ್ಳೆಯದನ್ನು ಮೊದಲು ನೋಡೋಣ. ಅಮೆರಿಕದ ಷಿಕಾಗೋ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಡಾ. ಸ್ಟೀಫನ್ ಫ್ರೀಡ್‌ಮನ್ ಮತ್ತು ಸಂಗಡಿಗರು ನಡೆಸಿದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಆರು ತಿಂಗಳಿಂದ ಹತ್ತು ವರ್ಷದೊಳಗಿನ 215 ಮಕ್ಕಳು. ಎಲ್ಲರಿಗೂ ವಾಂತಿ ಭೇದಿ, ಮೈಯಲ್ಲಿ ನೀರು ಕಮ್ಮಿಯಾಗಿತ್ತು. ಅರ್ಧದಷ್ಟು ಮಕ್ಕಳಿಗೆ ಬಾಯಲ್ಲೇ ಕರಗುವ ಓಂಡಾನ್ಸೆಟ್ರಾನ್ ಮಾತ್ರೆ, ಒಂದೇ ಒಂದು ಸಲ. ಉಳಿದವರಿಗೆ ನೋಡಲು ಹಾಗೇ ಇರುವ ಬರೀ ಸಕ್ಕರೆ ಮಾತ್ರೆಯಂಥದ್ದು. ಆಮೇಲೆ ಎಲ್ಲರಿಗೂ ಓ.ಆರ್.ಎಸ್. ನೀರು. ಸುಳ್ಳು ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 35 ಮಕ್ಕಳು ಓ.ಆರ್.ಎಸ್. ಕುಡಿಸುವಾಗ ಮತ್ತೆ ವಾಂತಿ ಮಾಡಿದರು. ನಿಜ ಮಾತ್ರೆಯವರಲ್ಲಿ ನೂರಕ್ಕೆ 14 ಮಾತ್ರ. ಕೈಗೆ ಸೂಜಿ ಚುಚ್ಚಿ ಡ್ರಿಪ್ ಹಾಕಬೇಕಾದದ್ದು ಒಂದು ಕಡೆ ನೂರಕ್ಕೆ 31, ಇನ್ನೊಂದು ಕಡೆ 14. ಅಂದರೆ ಅರ್ಧಕ್ಕಿಂತ ಹೆಚ್ಚು ಸೂಜಿ ಉಳಿಯಿತು.

ಆದರೆ ಅದೇ ಪರೀಕ್ಷೆಯಲ್ಲಿ ಇನ್ನೊಂದು ವಿಷಯವೂ ಕಂಡಿತು. ಔಷಧ ತೆಗೆದುಕೊಂಡ ಮಕ್ಕಳಿಗೆ ಭೇದಿ ಕಮ್ಮಿಯಾಗಲಿಲ್ಲ, ಬದಲಿಗೆ ಸ್ವಲ್ಪ ಹೆಚ್ಚೇ ಆಯಿತು. ವಾಂತಿಯಲ್ಲಿ ಹೊರಗೆ ಹೋಗುತ್ತಿದ್ದುದು ಒಳಗೇ ಉಳಿದರೆ ಅದು ಇನ್ನೊಂದು ದಾರಿ ಹಿಡಿಯಬೇಕಲ್ಲ! “ಸಿರಪ್ ಹಾಕಿದ ಮೇಲೆ ಭೇದಿ ಜಾಸ್ತಿಯಾಯ್ತು, ಔಷಧಿ ಸರಿ ಇಲ್ಲ” ಎಂದು ಮರುದಿನ ಅಂಗಡಿಯವನ ಮೇಲೆ ಜಗಳಕ್ಕೆ ಬರುವವರಿಗೆ ಇದು ಗೊತ್ತಿರಲಿ. ಒಂದೆರಡು ದಿನ ಹಾಗಾಗುವುದುಂಟು. ಅದಕ್ಕೆಂದು ದೊಡ್ಡವರಿಗೆ ಕೊಡುವ ಭೇದಿ ನಿಲ್ಲಿಸುವ ಮಾತ್ರೆಯನ್ನು ಪುಡಿ ಮಾಡಿ ಮಗುವಿಗೆ ತಿನ್ನಿಸಿದರೆ ಅದು ಇನ್ನೊಂದು ಅನಾಹುತ.

ಲೆಕ್ಕ ಹೀಗೆ

ಒಂದು ಮನೆಯನ್ನು ಊಹಿಸಿಕೊಳ್ಳಿ. ಎರಡೂವರೆ ವರ್ಷದ ಹುಡುಗಿ. ಹಿಂದಿನ ದಿನ ಜಾತ್ರೆಯಲ್ಲಿ ಏನೋ ತಿಂದದ್ದು. ಮಧ್ಯಾಹ್ನದಿಂದ ಆರು ಸಲ ವಾಂತಿ, ಮೊದಲು ಅನ್ನ, ಆಮೇಲೆ ಬರೀ ನೀರು. ಸಂಜೆ ಹೊತ್ತಿಗೆ ಎರಡು ಸಲ ನೀರು ನೀರಾಗಿ ಭೇದಿ. ತುಟಿ ಒಣಗಿದೆ, ಕಣ್ಣು ಸ್ವಲ್ಪ ಗುಳಿ ಬಿದ್ದಿದೆ, ನೀರು ಕಂಡರೆ ಲೋಟಕ್ಕೇ ಕೈ ಹಾಕುತ್ತಾಳೆ, ಕುಡಿದ ಎರಡೇ ನಿಮಿಷಕ್ಕೆ ವಾಪಸ್. ಆದರೆ ಎಚ್ಚರವಾಗಿದ್ದಾಳೆ, ಅಳುತ್ತಾಳೆ, ಅಜ್ಜಿಯನ್ನು ಗುರುತಿಸುತ್ತಾಳೆ. ಹೊಟ್ಟೆ ಮೆತ್ತಗಿದೆ. ಇದು ಓಂಡಾನ್ಸೆಟ್ರಾನ್‌ಗೆ ಹೇಳಿ ಮಾಡಿಸಿದ ಕೇಸು.

ಡಾಕ್ಟರು ಮೊದಲು ಮಗುವನ್ನು ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ. 12 ಕೆ.ಜಿ. ಲೆಕ್ಕದ ಬುಡ ಇದೇ: ಒಂದು ಕೆ.ಜಿ. ತೂಕಕ್ಕೆ 0.15 ಮಿಲಿಗ್ರಾಂ. ಹನ್ನೆರಡನ್ನು 0.15ರಿಂದ ಗುಣಿಸಿದರೆ 1.8 ಮಿಲಿಗ್ರಾಂ. ಮಾಮೂಲಿ ಸಿರಪ್‌ನಲ್ಲಿ 5 ಮಿ.ಲೀ.ಗೆ 2 ಮಿಲಿಗ್ರಾಂ ಔಷಧ ಇರುತ್ತದೆ. ಹಾಗಾದರೆ 1.8 ಮಿಲಿಗ್ರಾಂ ಎಂದರೆ ನಾಲ್ಕೂವರೆ ಮಿ.ಲೀ. ಅಷ್ಟೇ.

ಷಿಕಾಗೋದವರು ಈ ಗುಣಾಕಾರದ ರಗಳೆಯೇ ಬೇಡವೆಂದು ತೂಕದ ಮೆಟ್ಟಿಲು ಮಾಡಿಕೊಂಡಿದ್ದರು. 8ರಿಂದ 15 ಕೆ.ಜಿ.ವರೆಗೆ 2 ಮಿಲಿಗ್ರಾಂ, 15 ದಾಟಿ 30 ಕೆ.ಜಿ.ವರೆಗೆ 4 ಮಿಲಿಗ್ರಾಂ, 30ರ ಮೇಲೆ 8 ಮಿಲಿಗ್ರಾಂ. ಬಹಳ ಡಾಕ್ಟರು ಇಂದೂ ಇದನ್ನೇ ಹಿಡಿಯುತ್ತಾರೆ. ಈ ಲೆಕ್ಕದಲ್ಲಿ ನಮ್ಮ ಹುಡುಗಿಗೆ 2 ಮಿಲಿಗ್ರಾಂ, ಅಂದರೆ 5 ಮಿ.ಲೀ. ನಾಲ್ಕೂವರೆಗೂ ಐದಕ್ಕೂ ಅಂಥ ವ್ಯತ್ಯಾಸವಿಲ್ಲ. ಮಗು ಎಷ್ಟೇ ದಪ್ಪವಿರಲಿ, ಒಂದು ಸಲಕ್ಕೆ 8 ಮಿಲಿಗ್ರಾಂ ದಾಟುವಂತಿಲ್ಲ. ಎಂಟು ಕೆ.ಜಿ.ಗಿಂತ ಹಗುರದ ಕೂಸಿಗೆ ಮೆಟ್ಟಿಲಿನ ಲೆಕ್ಕವೇ ಇಲ್ಲ, ಡಾಕ್ಟರೇ ನೋಡಿ ಬರೆಯಬೇಕು. ಆರು ತಿಂಗಳ ಒಳಗಿನ ಕೂಸಿಗಂತೂ ವಾಂತಿ ಭೇದಿ ಎಂದು ಇದನ್ನು ಕೊಡುವ ಮಾತೇ ಇಲ್ಲ.

ಔಷಧ ಕೊಟ್ಟ ಹದಿನೈದು ನಿಮಿಷದೊಳಗೆ ಮಗು ಅದನ್ನೇ ಕಕ್ಕಿಬಿಟ್ಟರೆ ಅದೇ ಅಳತೆಯನ್ನು ಇನ್ನೊಂದು ಸಲ ಕೊಡಬಹುದು. ಅದೂ ಹೊರಗೆ ಬಂದರೆ ಮೂರನೆಯದಕ್ಕೆ ಕೈ ಹಾಕದೆ ಆಸ್ಪತ್ರೆಯ ಕಡೆ ನಡೆಯಬೇಕು.

ಇನ್ನು ಈ ‘ದಿನಕ್ಕೆ ಮೂರು ಸಲ, ಮೂರು ದಿನ’ ಎಂಬುದು ಎಲ್ಲಿಂದ ಬಂತೋ! ಜ್ವರದ ಸಿರಪ್‌ನ ಅಭ್ಯಾಸವೇ ಇದಕ್ಕೂ ಅಂಟಿಕೊಂಡಂತಿದೆ. ವಾಂತಿ ಭೇದಿಯ ಮಗುವಿಗೆ ಸಾಮಾನ್ಯವಾಗಿ ಬೇಕಾದದ್ದು ಒಂದೇ ಡೋಸು. ಅದರ ಕೆಲಸ ಓ.ಆರ್.ಎಸ್. ಒಳಗೆ ನಿಲ್ಲುವಂತೆ ಬಾಗಿಲು ತೆರೆಯುವುದು. ಹೌದು, 2025ರಲ್ಲಿ ಕೆನಡಾದ ಆಸ್ಪತ್ರೆಗಳಿಂದ ಹೊಸದೊಂದು ಪರೀಕ್ಷೆಯ ವರದಿ ಬಂದಿದೆ. ತುರ್ತು ವಿಭಾಗದಲ್ಲಿ ಡಾಕ್ಟರು ನೋಡಿ ಮನೆಗೆ ಕಳಿಸಿದ ಮಕ್ಕಳಿಗೆ, ಮತ್ತೆ ವಾಂತಿಯಾದರೆ ಹಾಕಲೆಂದು ಎರಡು ದಿನಕ್ಕೆ ಆರು ಡೋಸಿನವರೆಗೆ ಕೈಯಲ್ಲಿ ಕೊಟ್ಟು ಕಳಿಸಿದರು. ಮುಂದೆ ಕಾಯಿಲೆ ಜೋರಾದದ್ದು ಔಷಧ ಒಯ್ದವರಲ್ಲಿ ನೂರಕ್ಕೆ ಸುಮಾರು 5, ಸುಳ್ಳು ಔಷಧ ಒಯ್ದವರಲ್ಲಿ ನೂರಕ್ಕೆ ಸುಮಾರು 12. ಆದ್ದರಿಂದ ಡಾಕ್ಟರು ಎರಡನೆಯ, ಮೂರನೆಯ ಡೋಸು ಬರೆದುಕೊಟ್ಟರೆ ತಪ್ಪೇನಿಲ್ಲ. ಆದರೆ ಅಲ್ಲಿಯೂ ಕೊಟ್ಟದ್ದು ವಾಂತಿಯಾದರೆ ಮಾತ್ರ, ಗಡಿಯಾರ ನೋಡಿ ಅಲ್ಲ. ಒಂದು ಡೋಸಿಗೂ ಇನ್ನೊಂದಕ್ಕೂ ಎಂಟು ಗಂಟೆಯಾದರೂ ಅಂತರ ಬೇಕು. ಆಡಿಕೊಂಡಿರುವ ಮಗುವನ್ನು ಕೂಗಿ ಕರೆದು ವಾಂತಿ ಸಿರಪ್ ಕುಡಿಸುವುದಕ್ಕೆ ಅರ್ಥವಿಲ್ಲ.

ಹದಿನೈದು ನಿಮಿಷದ ಮೇಲೆ ಶುರುವಾಗುವ ಕೆಲಸ

ಹುಡುಗಿಗೆ ಸಿರಪ್ ಹಾಕಿಯಾಯಿತು. ಎಷ್ಟೋ ಮನೆಯಲ್ಲಿ ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. “ವಾಂತಿ ನಿಂತಿತು, ಮಲಗಲಿ ಬಿಡಿ” ಎನ್ನುತ್ತಾರೆ. ನಿಜವಾದ ಚಿಕಿತ್ಸೆ ಶುರುವಾಗುವುದೇ ಈಗ.

ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಓ.ಆರ್.ಎಸ್. ಶುರು ಮಾಡಬೇಕು. ದೊಡ್ಡ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಸುರಿಯಬೇಕು. ಅರ್ಧ ಲೋಟಕ್ಕೆ ಒಂದು ಚಿಟಿಕೆ ಎಂಬ ಅಂದಾಜು ಬೇಡ. ಪುಟ್ಟ ಪೊಟ್ಟಣಗಳೂ ಬರುತ್ತವೆ, ಅವಕ್ಕೆ ಎಷ್ಟು ನೀರು ಎಂಬುದು ಮೇಲೆಯೇ ಬರೆದಿರುತ್ತದೆ.

ಎಷ್ಟು ಕುಡಿಸಬೇಕು? ಮೈಯಲ್ಲಿ ನೀರು ಕಮ್ಮಿಯಾಗಿರುವ ಮಗುವಿಗೆ ಕೆ.ಜಿ.ಗೆ 75 ಮಿ.ಲೀ., ನಾಲ್ಕು ಗಂಟೆಯೊಳಗೆ. ನಮ್ಮ 12 ಕೆ.ಜಿ. ಹುಡುಗಿಗೆ 900 ಮಿ.ಲೀ. ಕೇಳಿದರೆ ತಾಯಿಗೆ ಎದೆ ಧಸಕ್ಕೆನ್ನುತ್ತದೆ. “ಒಂದು ಲೋಟ ನಿಲ್ಲಲ್ಲ ಸಾರ್, ಮುಕ್ಕಾಲು ಲೀಟರ್ ಮೇಲೆ ಹೇಗೆ ಕುಡಿಸೋದು?” ಲೋಟ ಮರೆತುಬಿಡಿ, ಚಮಚ ಹಿಡಿಯಿರಿ. 5 ಮಿ.ಲೀ. ಚಮಚದಲ್ಲಿ 900 ಮಿ.ಲೀ. ಎಂದರೆ 180 ಚಮಚ. ನಾಲ್ಕು ಗಂಟೆಗೆ 240 ನಿಮಿಷ. ಒಂದು ನಿಮಿಷದ ಮೇಲೆ ಇಪ್ಪತ್ತು ಸೆಕೆಂಡಿಗೆ ಒಂದು ಚಮಚ. ಮೊದಲ ಅರ್ಧ ಗಂಟೆ ಎರಡು ನಿಮಿಷಕ್ಕೊಂದು, ಒಳಗೆ ನಿಂತದ್ದು ಖಾತ್ರಿಯಾದ ಮೇಲೆ ನಿಮಿಷಕ್ಕೊಂದು. ನಡುವೆ ವಾಂತಿಯಾದರೆ ಹತ್ತು ನಿಮಿಷ ಸುಮ್ಮನಿದ್ದು ಮತ್ತೆ ನಿಧಾನಕ್ಕೆ ಶುರು. ಒಬ್ಬರಿಗೆ ಆಗುವ ಕೆಲಸವಲ್ಲ. ಅಮ್ಮ ಒಂದು ಗಂಟೆ, ಅಜ್ಜಿ ಒಂದು ಗಂಟೆ, ಅಪ್ಪನೂ ಮೊಬೈಲ್ ಕೆಳಗಿಟ್ಟು ಒಂದು ಗಂಟೆ ಕೂರಬೇಕು. ಎದೆಹಾಲು ಕುಡಿಯುವ ಮಗುವಿಗೆ ಎದೆಹಾಲು ನಿಲ್ಲಿಸಲೇಬಾರದು.

ಎರಡು ಮೂರು ಗಂಟೆಯಲ್ಲಿ ಹುಡುಗಿ ಉಚ್ಚೆ ಹೊಯ್ದಳೋ, ಬಾಯಿ ಒದ್ದೆಯಾಯಿತೋ, ಅಳುವಾಗ ಕಣ್ಣೀರು ಬಂತೋ, ಆಗ ದಾರಿ ಸರಿ ಇದೆ ಎಂದು ಗೊತ್ತಾಗುತ್ತದೆ. ಮುಂದೆ ಒಂದೊಂದು ಸಲ ಭೇದಿಯಾದಾಗಲೂ ಇನ್ನಷ್ಟು ಓ.ಆರ್.ಎಸ್., ಜೊತೆಗೆ ಗಂಜಿ, ಮೊಸರನ್ನ, ಬಾಳೆಹಣ್ಣು. ಡಾಕ್ಟರು ಬರೆಯುವ ಜಿಂಕ್ ಔಷಧವನ್ನು ಭೇದಿ ನಿಂತರೂ ಹೇಳಿದಷ್ಟು ದಿನ ಮುಗಿಸಬೇಕು.

ಮುಚ್ಚಳ, ಚಮಚ, ಮಾತ್ರೆ

ತಪ್ಪುಗಳು ನಡೆಯುವುದು ಅಳತೆಯಲ್ಲಿ. ಚೀಟಿಯಲ್ಲಿ ‘2 ಮಿ.ಗ್ರಾಂ’ ಎಂದಿದ್ದರೆ ಅದನ್ನು ‘2 ಮಿ.ಲೀ.’ ಎಂದು ಓದಿಕೊಂಡು ಅರ್ಧಕ್ಕಿಂತ ಕಮ್ಮಿ ಹಾಕುತ್ತಾರೆ, ವಾಂತಿ ನಿಲ್ಲುವುದಿಲ್ಲ, ‘ಔಷಧಿ ಡೂಪ್ಲಿಕೇಟು’ ಎಂಬ ಗುಲ್ಲು. ತಿರುಗುಮುರುಗಾಗಿ ‘5 ಮಿ.ಲೀ.’ ಎಂದದ್ದನ್ನು ಮನೆಯ ಊಟದ ಚಮಚದಲ್ಲಿ ತುಂಬಿ ಹಾಕಿದರೆ ಎರಡು ಮೂರು ಪಟ್ಟು ಒಳಗೆ ಹೋಗುತ್ತದೆ. ಅಡಿಗೆ ಮನೆಯ ಚಮಚಗಳು ಒಂದೊಂದು ಮನೆಯಲ್ಲಿ ಒಂದೊಂದು ಸೈಜು. ಸೂಜಿ ಇಲ್ಲದ 5 ಮಿ.ಲೀ. ಸಿರಿಂಜು ಒಂದನ್ನು ಮೆಡಿಕಲ್ ಶಾಪಿನಲ್ಲೇ ಕೇಳಿ ತೆಗೆದುಕೊಂಡರೆ ಕೆಲವೇ ರೂಪಾಯಿಯ ಖರ್ಚು. ಗೆರೆ ನೋಡಿ ಎಳೆದು, ಮಗುವಿನ ಕೆನ್ನೆಯ ಒಳಬದಿಗೆ ನಿಧಾನಕ್ಕೆ ಬಿಟ್ಟರೆ ಉಗುಳುವುದೂ ಕಮ್ಮಿ.

ಇನ್ನೊಂದು ತಪ್ಪು ಮಾತ್ರೆಯದು. ಮನೆಯಲ್ಲಿ ಅಜ್ಜನ ಆಪರೇಷನ್ ಆದಾಗ ತಂದಿದ್ದ 8 ಮಿಲಿಗ್ರಾಂ ಮಾತ್ರೆ ಉಳಿದಿರುತ್ತದೆ. ‘ಅದೇ ಔಷಧಿ ತಾನೆ’ ಎಂದು ಅರ್ಧ ಮುರಿದು ಮಗುವಿಗೆ. ಹತ್ತು ಕೆ.ಜಿ. ಮಗುವಿಗೆ ಬೇಕಾದದ್ದು ಒಂದೂವರೆಯಿಂದ 2 ಮಿಲಿಗ್ರಾಂ, ಹೋದದ್ದು ನಾಲ್ಕು. ಇಷ್ಟಕ್ಕೂ ಬೆರಳಲ್ಲಿ ಮುರಿದ ಮಾತ್ರೆ ಸರಿ ಅರ್ಧವಾಗುತ್ತದೆಂದು ಹೇಳುವವರು ಯಾರು?

ಕೊಡಲೇಬಾರದ ವಾಂತಿ

ಈಗ ಆ ಇನ್ನೆರಡು ಪ್ರಶ್ನೆಗಳು: ಬಣ್ಣ ಮತ್ತು ಭೇದಿ. ವಾಂತಿ ಎಂಬುದು ಒಂದೇ ಕಾಯಿಲೆಯಲ್ಲ. ಅದು ಕಾಲಿಂಗ್ ಬೆಲ್ ಇದ್ದ ಹಾಗೆ. ಬಾಗಿಲಲ್ಲಿ ಯಾರು ನಿಂತಿದ್ದಾರೆಂದು ನೋಡದೆ ಬೆಲ್ಲಿನ ತಂತಿ ಕಿತ್ತರೆ ಬಂದವರು ಹೋಗುವುದಿಲ್ಲ.

ವಾಂತಿ ಎಲೆ ಹಸಿರು ಬಣ್ಣದಲ್ಲಿ ಬಂದರೆ ಸಿರಪ್ ಮುಟ್ಟಬೇಡಿ. ಹಸಿರು ಎಂದರೆ ಪಿತ್ತರಸ. ಕರುಳು ಎಲ್ಲೋ ಕೆಳಗೆ ತಿರುಚಿಕೊಂಡಿರಬಹುದು ಅಥವಾ ಕಟ್ಟಿಕೊಂಡಿರಬಹುದು. ‘ಪಿತ್ತ ಕೆದರಿದೆ, ನಿಂಬೆಹಣ್ಣಿನ ಶರಬತ್ತು ಕೊಡಿ’ ಎನ್ನುವ ಹಿರಿಯರು ಪ್ರತಿ ವಠಾರದಲ್ಲೂ ಇದ್ದಾರೆ. ಮಕ್ಕಳಲ್ಲಿ ಹಸಿರು ವಾಂತಿ ಶಸ್ತ್ರಚಿಕಿತ್ಸೆಯ ಡಾಕ್ಟರು ಇರುವ ಆಸ್ಪತ್ರೆಗೆ ಹೋಗುವ ವಿಷಯ, ಅದೂ ಆ ಹೊತ್ತಿಗೇ.

ಒಂಬತ್ತು ತಿಂಗಳ ಕೂಸೊಂದನ್ನು ಊಹಿಸಿಕೊಳ್ಳಿ. ಇದ್ದಕ್ಕಿದ್ದ ಹಾಗೆ ಕಿಟಾರನೆ ಕಿರುಚುತ್ತದೆ, ಕಾಲನ್ನು ಹೊಟ್ಟೆಗೆ ಎಳೆದುಕೊಳ್ಳುತ್ತದೆ, ಎರಡು ಮೂರು ನಿಮಿಷದಲ್ಲಿ ಸುಮ್ಮನಾಗಿ ಸಪ್ಪೆ ಮುಖ ಹಾಕಿ ಮಲಗುತ್ತದೆ. ಕಾಲು ಗಂಟೆ ಬಿಟ್ಟು ಮತ್ತೆ ಅದೇ. ನಡುನಡುವೆ ವಾಂತಿ. ಕರುಳಿನ ಒಂದು ತುಂಡು ಇನ್ನೊಂದರೊಳಗೆ, ಅಂಗಿಯ ತೋಳು ಒಳಕ್ಕೆ ಮಡಿಸಿದ ಹಾಗೆ, ನುಗ್ಗಿ ಕೂತಿರುತ್ತದೆ. ಬೇಗ ಹೋದರೆ ಎಷ್ಟೋ ಮಕ್ಕಳಿಗೆ ಆಪರೇಷನ್ ಇಲ್ಲದೆಯೇ, ಗುದದ್ವಾರದಿಂದ ಗಾಳಿ ಅಥವಾ ದ್ರವ ಒತ್ತಿ ಸರಿ ಮಾಡುತ್ತಾರೆ. ಇಂಥ ಮಗುವಿಗೆ ಸಿರಪ್ ಹಾಕಿ ವಾಂತಿ ನಿಂತರೆ ಮನೆಯವರು ನಿಟ್ಟುಸಿರು ಬಿಟ್ಟು ರಾತ್ರಿ ಕಳೆಯುತ್ತಾರೆ. ಬೆಳಿಗ್ಗೆ ಕೆಂಪು ಜೆಲ್ಲಿಯಂಥ ರಕ್ತ ಬೆರೆತ ಮಲ ಕಂಡಾಗ ಅಮೂಲ್ಯವಾದ ಹನ್ನೆರಡು ಗಂಟೆ ಹೋಗಿಬಿಟ್ಟಿರುತ್ತದೆ. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ, ಮಲ ಗಾಳಿ ಎರಡೂ ನಿಂತಿದ್ದರೆ, ಬಲಗಡೆ ಕಿಬ್ಬೊಟ್ಟೆ ಮುಟ್ಟಗೊಡದಿದ್ದರೆ ಲೆಕ್ಕ ಇದೇ.

ಭೇದಿಯೇ ಇಲ್ಲದ ವಾಂತಿಯನ್ನೂ ಅನುಮಾನದಿಂದಲೇ ನೋಡಬೇಕು. ವೈರಸ್ ಕಾಯಿಲೆಯಲ್ಲಿ ಕೆಲವು ಗಂಟೆ ಮೊದಲು ಬರೀ ವಾಂತಿ ಇರುವುದುಂಟು, ಸರಿ. ಆದರೆ ಒಂದು ದಿನ ಕಳೆದರೂ ಭೇದಿ ಬರದೆ ವಾಂತಿ ಮುಂದುವರಿದರೆ ಹೆಸರು ಬೇರೆ ಇರಬಹುದು. ಮಗು ಎರಡು ದಿನದ ಕೆಳಗೆ ಕಟ್ಟೆಯಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿತ್ತೇ? ತಲೆನೋವು, ಕತ್ತು ಬಗ್ಗಿಸಲಾಗದಷ್ಟು ಬಿಗಿತ, ಬೆಳಕು ಕಂಡರೆ ಕಣ್ಣು ಮುಚ್ಚುವುದು ಇದೆಯೇ? ಮಿದುಳಿನ ಕಡೆಯ ವಾಂತಿಗೆ ಹೊಟ್ಟೆಯ ಸಿರಪ್ ಹಾಕಿ ಕೂರಬಾರದು.

ಎಲ್ಲಕ್ಕಿಂತ ಮೋಸ ಮಾಡುವುದು ಸಕ್ಕರೆ ಕಾಯಿಲೆ. ಎಂಟು ವರ್ಷದ ಹುಡುಗ, ಎರಡು ವಾರದಿಂದ ತೆಳ್ಳಗಾಗುತ್ತಿದ್ದಾನೆ, ಬಿಂದಿಗೆ ನೀರು ಕುಡಿಯುತ್ತಾನೆ, ರಾತ್ರಿ ನಾಲ್ಕು ಸಲ ಎದ್ದು ಉಚ್ಚೆಗೆ ಹೋಗುತ್ತಾನೆ. ಇವತ್ತು ಹೊಟ್ಟೆನೋವು, ವಾಂತಿ. ಉಸಿರು ಮಾತ್ರ ಓಡಿ ಬಂದವನ ಹಾಗೆ ಆಳವಾಗಿ ಎಳೆಯುತ್ತಾನೆ. ಮನೆಯವರು ‘ಫುಡ್ ಪಾಯಿಸನ್’ ಎಂದು ಸಿರಪ್ ತರುತ್ತಾರೆ. ಇಲ್ಲಿ ಒಂದು ಸುಳಿವು ಕೈಗೆ ಸಿಗುತ್ತದೆ. ವಾಂತಿ ಭೇದಿಯಿಂದ ನೀರು ಕಮ್ಮಿಯಾದ ಮಗುವಿಗೆ ಉಚ್ಚೆ ಕಮ್ಮಿಯಾಗಬೇಕು. ಬಾಯಿ ಒಣಗಿದ್ದೂ ಉಚ್ಚೆ ಧಾರಾಳವಾಗಿದ್ದರೆ ಅದು ವಾಂತಿ ಭೇದಿಯಲ್ಲ. ಬೆರಳು ಚುಚ್ಚಿ ಒಂದು ಹನಿ ರಕ್ತದಲ್ಲಿ ಸಕ್ಕರೆ ನೋಡಲು ಒಂದು ನಿಮಿಷ ಬೇಕಿಲ್ಲ, ಆದರೆ ನೋಡಬೇಕೆಂದು ಹೊಳೆಯಬೇಕಲ್ಲ! ತಡವಾದರೆ ಆ ಹುಡುಗನ ಜೀವಕ್ಕೇ ಕುತ್ತು.

ಇದರ ಇನ್ನೊಂದು ತುದಿಯೂ ಉಂಟು. ಎರಡು ಸಲ ವಾಂತಿ ಮಾಡಿದೆ, ಆದರೆ ಬಾಯಿ ಒದ್ದೆ ಇದೆ, ಓಡಾಡಿಕೊಂಡಿದೆ, ನೀರು ನಿಲ್ಲುತ್ತಿದೆ ಎಂಬ ಮಗುವಿಗೂ ಈ ಔಷಧ ಬೇಕಿಲ್ಲ. ನೀರು ಕಮ್ಮಿಯಾಗದ ಮಕ್ಕಳ ಮೇಲೆ ಪಾಕಿಸ್ತಾನದ ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡಿ 2019ರಲ್ಲಿ ಪ್ರಕಟಿಸಿದರು. ಡ್ರಿಪ್ ತಪ್ಪಿಸುವ ವಿಷಯದಲ್ಲಿ ಔಷಧದಿಂದ ಲಾಭ ಕಾಣಲಿಲ್ಲ. ಹಾಗೆಯೇ ವಾಂತಿ ಕಮ್ಮಿ, ಭೇದಿಯೇ ಜಾಸ್ತಿ ಎಂಬ ಮಗುವಿಗೂ ಕೊಡುವುದರಲ್ಲಿ ಅರ್ಥವಿಲ್ಲ, ಭೇದಿ ಇನ್ನಷ್ಟು ಹೆಚ್ಚೀತು. ಕಣ್ಣು ಮೇಲೆ ಹೋಗಿ, ಕೈಕಾಲು ತಣ್ಣಗಾಗಿ, ಕರೆದರೆ ಓಗೊಡದ ಮಗುವಿಗೆ ಬಾಯಲ್ಲಿ ಏನನ್ನೂ ಹಾಕದೆ ಓಡಬೇಕು. ಅದಕ್ಕೆ ಡ್ರಿಪ್ಪೇ ದಾರಿ.

ಎದೆಬಡಿತದ ಲೆಕ್ಕ

ಓಂಡಾನ್ಸೆಟ್ರಾನ್‌ಗೆ ಇನ್ನೊಂದು ಗುಣವಿದೆ. ಪ್ರತಿ ಬಡಿತದ ಮೇಲೆ ಹೃದಯ ತನ್ನ ವಿದ್ಯುತ್ತನ್ನು ಮತ್ತೆ ತುಂಬಿಕೊಳ್ಳಲು ತೆಗೆದುಕೊಳ್ಳುವ ಹೊತ್ತನ್ನು ಇದು ಸ್ವಲ್ಪ ಉದ್ದ ಮಾಡುತ್ತದೆ. ಡಾಕ್ಟರು ಇ.ಸಿ.ಜಿ. ಪಟ್ಟಿಯಲ್ಲಿ ಕ್ಯೂ.ಟಿ. ಎಂದು ಅಳೆಯುವುದು ಇದನ್ನೇ. ಆ ಅಂತರ ತೀರಾ ಉದ್ದವಾದರೆ ಬಡಿತ ತಾಳ ತಪ್ಪಬಹುದು. ಅಮೆರಿಕದ ಔಷಧ ಇಲಾಖೆ 2011ರಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿ, 2012ರಲ್ಲಿ ಕ್ಯಾನ್ಸರ್ ರೋಗಿಗಳಿಗೆ ರಕ್ತನಾಳದಲ್ಲಿ ಒಂದೇ ಸಲ ಕೊಡುತ್ತಿದ್ದ 32 ಮಿಲಿಗ್ರಾಂ ಡೋಸನ್ನೇ ತೆಗೆದುಹಾಕಿತು.

ಆರೋಗ್ಯವಾಗಿರುವ ಮಗುವಿಗೆ ಬಾಯಿಂದ ಕೊಡುವ ಒಂದು 2 ಮಿಲಿಗ್ರಾಂ ಡೋಸಿಗೆ ಇಷ್ಟು ಹೆದರಬೇಕಿಲ್ಲ. ಆದರೆ ಹುಟ್ಟಿನಿಂದಲೇ ಈ ಕ್ಯೂ.ಟಿ. ಉದ್ದವಿರುವ ಮಕ್ಕಳಿದ್ದಾರೆ, ಅವರಿಗೆ ಇದು ವರ್ಜ್ಯ. ಮಗು ಓಡುವಾಗ ಎಚ್ಚರತಪ್ಪಿ ಬಿದ್ದದ್ದುಂಟೇ, ಮನೆತನದಲ್ಲಿ ಚಿಕ್ಕ ವಯಸ್ಸಿನವರು ಕಾರಣವಿಲ್ಲದೆ ಹಠಾತ್ತನೆ ತೀರಿಕೊಂಡದ್ದುಂಟೇ ಎಂಬುದನ್ನು ಡಾಕ್ಟರು ಕೇಳದಿದ್ದರೆ ತಾವಾಗಿಯೇ ಹೇಳಬೇಕು. ಮೂರು ನಾಲ್ಕು ದಿನ ಭೇದಿಯಾಗಿ ಸೊರಗಿದ ಮಗುವಿನಲ್ಲಿ, ಮೊದಲೇ ಬಡಕಲಾದ ಮಗುವಿನಲ್ಲಿ ಪೊಟ್ಯಾಸಿಯಂ ಇಳಿದಿರುತ್ತದೆ. ಆಗಲೂ ಹೃದಯದ ಈ ಅಪಾಯ ಹೆಚ್ಚು.

ನಮ್ಮ ಊರುಗಳಲ್ಲಿ ಇದಕ್ಕಿಂತ ಹೆಚ್ಚಾಗಿ ಕಾಣುವುದು ಔಷಧಗಳ ಸಂತೆ. ಭೇದಿಗೆಂದು ಆಫ್ಲಾಕ್ಸಾಸಿನ್ ಇರುವ ಸಿರಪ್ ಒಂದು, ಗಂಟಲಿಗೆಂದು ಅಜಿಥ್ರೋಮೈಸಿನ್ ಒಂದು, ಹಿಂದಿನ ಸಲದ ಡಾಂಪೆರಿಡೋನ್ ಇನ್ನೊಂದು, ಅದರ ಮೇಲೆ ಓಂಡಾನ್ಸೆಟ್ರಾನ್. ಇವು ನಾಲ್ಕೂ ಅದೇ ಕ್ಯೂ.ಟಿ.ಯನ್ನು ಎಳೆಯುವ ಜಾತಿಯವು. ಒಂದೇ ಸಲ ನಾಲ್ವರು ಎಳೆದರೆ ಹಗ್ಗದ ಗತಿ ಏನು? ವೈರಸ್ಸಿನ ಭೇದಿಗೆ ಆಂಟಿಬಯಾಟಿಕ್ಕಿನಿಂದ ಪ್ರಯೋಜನವೂ ಇಲ್ಲ. ಆದ್ದರಿಂದ ವಾಂತಿ ಸಿರಪ್ ಕೇಳಲು ಹೋದಾಗ ಮಗುವಿಗೆ ಈಗಾಗಲೇ ಯಾವ ಯಾವ ಬಾಟಲಿ ನಡೆಯುತ್ತಿದೆಯೋ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲಿಡುವುದು ಲೇಸು. ಲಿವರ್ ಕಾಯಿಲೆ ಜೋರಾಗಿರುವ ಮಗುವಿಗೂ ಅಳತೆ ಬೇರೆಯೇ ಆಗುತ್ತದೆ.

ಡೋಸು ಕೊಟ್ಟು ಓ.ಆರ್.ಎಸ್. ಹಿಡಿದ ಮೇಲೂ ನಾಲ್ಕು ಗಂಟೆಯಲ್ಲಿ ವಾಂತಿ ನಿಲ್ಲದಿದ್ದರೆ, ಆರೆಂಟು ಗಂಟೆ ಉಚ್ಚೆ ಬರದಿದ್ದರೆ, ಮಗು ಜೋಲಿ ಹೊಡೆಯುತ್ತಿದ್ದರೆ, ವಾಂತಿಯಲ್ಲಾಗಲಿ ಮಲದಲ್ಲಾಗಲಿ ರಕ್ತ ಕಂಡರೆ ಕೊನೆಯ ಬಸ್ಸಿಗೆ ಕಾಯದೆ ಆಟೋವೋ, 108ರ ಆಂಬುಲೆನ್ಸೋ ಹಿಡಿದು ಹೊರಡಬೇಕು.

ಇನ್ನು ಅಂಗಡಿಯವರಿಗೊಂದು ಮಾತು. ವಾಂತಿ ಸಿರಪ್‌ನ ಜೊತೆ ‘ಓ.ಆರ್.ಎಸ್. ಕೊಡಿ’ ಎಂದು ಕೇಳುವವರಿಗೆ ಹಣ್ಣಿನ ರುಚಿಯ ಸಿಹಿ ಪಾನೀಯದ ಡಬ್ಬಿ ಕೊಡುವ ರೂಢಿ ಬಹಳ ಕಾಲ ನಡೆಯಿತು. ಅವುಗಳಲ್ಲಿ ಸಕ್ಕರೆ ವಿಪರೀತ, ಉಪ್ಪು ಸಾಲದು. ಅಷ್ಟು ಸಕ್ಕರೆ ಕರುಳಿಗೆ ಇಳಿದರೆ ಅದು ಮೈಯ ನೀರನ್ನೇ ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಇಂಥ ಪಾನೀಯಗಳ ಹೆಸರಿನಲ್ಲಿ ‘ಓ.ಆರ್.ಎಸ್.’ ಎಂಬ ಅಕ್ಷರ ಹಾಕಕೂಡದೆಂದು ಆದೇಶ ಹೊರಡಿಸಿತು. ಹಳೆಯ ಡಬ್ಬಿ ಯಾರ ಗೋಡೌನಿನಲ್ಲಾದರೂ ಉಳಿದಿದ್ದರೆ ಭೇದಿಯ ಮಗುವಿಗೆ ಅದು ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿರುವ ಪುಡಿ ಪೊಟ್ಟಣ ಅದಕ್ಕಿಂತ ಅಗ್ಗ, ಸರ್ಕಾರಿ ಆಸ್ಪತ್ರೆಯಲ್ಲಿ ಹಾಗೂ ಆಶಾ ಕಾರ್ಯಕರ್ತೆಯರ ಹತ್ತಿರ ಪುಕ್ಕಟೆಯಾಗಿಯೇ ಸಿಗುತ್ತದೆ.